ಡೀಲರ್ ಮೀಟ್ ಭಾಷಣ: ನಾಲ್ಕನೇ ಕರಡು

ನಮ್ಮ ವಾರ್ಷಿಕ ಡೀಲರ್ ಮೀಟ್‌ಗೆ ಇನ್ನು ಒಂದೇ ರಾತ್ರಿ ಬಾಕಿ ಇತ್ತು. ಮೇಜಿನ ಮೇಲಿದ್ದದ್ದು ನನ್ನ ಭಾಷಣದ ನಾಲ್ಕನೇ ಕರಡು. ಮೊದಲ ಮೂರನ್ನೂ ಹರಿದು ಹಾಕಿದ್ದೆ. ಮೂರರಲ್ಲೂ ‘ನೀವೇ ನಮ್ಮ ಬೆನ್ನೆಲುಬು’ ಅಂತ ಬರೆದಿದ್ದೆ. ಡಿಸ್ಟ್ರಿಬ್ಯೂಟರ್‌ಗಳು ಇದನ್ನು ಪ್ರತಿ ವರ್ಷ ಕೇಳುತ್ತಾರೆ. ಅವರು ಏನು ಮಾಡುತ್ತಾರೆ ಅನ್ನುವುದು ಆ ಮಾತಿನಲ್ಲಿ ಎಲ್ಲಿದೆ?

ಅದಕ್ಕೇ ಲೆಕ್ಕ ಹಾಕಲು ಕೂತೆ. ಒಬ್ಬರು ತಿಂಗಳಿಗೆ 1000 ಬಾಕ್ಸ್ ಮಾರುತ್ತಾರೆ ಅಂದುಕೊಳ್ಳಿ. ಗೋಡೌನ್‌ನಲ್ಲಿ 15 ದಿನದ ಸ್ಟಾಕ್ ಇರಲೇಬೇಕು, ಅದು 500 ಬಾಕ್ಸ್. ಅಂಗಡಿಗಳಿಗೆ 21 ದಿನ ಉದ್ರಿ ಕೊಡುತ್ತಾರೆ, ಅದು 700. ಒಟ್ಟು 1200. ನಾವು ಅವರಿಗೆ ಕೊಡುವುದು 6 ದಿನದ ಉದ್ರಿ, ಅಂದರೆ 200 ಬಾಕ್ಸ್. ಉಳಿದ 1000 ಬಾಕ್ಸ್‌ನ ದುಡ್ಡು ಅವರದೇ. ಪೂರ್ತಿ ಒಂದು ತಿಂಗಳ ವ್ಯಾಪಾರದಷ್ಟು ದುಡ್ಡು ಯಾವಾಗಲೂ ನಮ್ಮ ಮಾಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮರುದಿನ ವೇದಿಕೆಯ ಮೇಲೆ ಇದನ್ನೇ ಹೇಳಿ ಕೈಮುಗಿದೆ. ನನಗೆ ಅದಕ್ಕಿಂತ ದೊಡ್ಡ ಥ್ಯಾಂಕ್ಸ್ ಗೊತ್ತಿರಲಿಲ್ಲ.

ಆಮೇಲೆ ಇನ್ಸೆಂಟಿವ್ ವಿಷಯ. ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು. ಇಷ್ಟು ದಿನ ನಾವು ಅವರಿಗೆ ಹಾಕಿದ ಬಿಲ್ ನೋಡಿ, ಇಷ್ಟು ಬಾಕ್ಸ್‌ಗೆ ಇಷ್ಟು ಇನ್ಸೆಂಟಿವ್ ಅಂತ ಸ್ಲ್ಯಾಬ್ ಕೊಡುತ್ತಿದ್ದೆವು. ತ್ರೈಮಾಸಿಕದ ಕೊನೆಯ ವಾರ 300 ಬಾಕ್ಸ್ ಕಮ್ಮಿ ಬಿದ್ದರೆ, ಬೇಡದಿದ್ದರೂ ಎತ್ತುತ್ತಿದ್ದರು. ಗೋಡೌನ್ ತುಂಬುತ್ತಿತ್ತು. ಮಾಲು ಖಾಲಿ ಮಾಡಲು, ಬರುವ ಇನ್ಸೆಂಟಿವನ್ನೇ ಬಿಟ್ಟುಕೊಟ್ಟು ಕಮ್ಮಿಗೆ ಮಾರುತ್ತಿದ್ದರು. ಪಕ್ಕದ ಏರಿಯಾದವರ ರೇಟೂ ಮುರಿಯುತ್ತಿತ್ತು. ಇದನ್ನು ಗುರುತಿಸುವುದು ಸುಲಭ: ಕೊನೆಯ ವಾರ ನಮ್ಮ ಬಿಲ್ಲಿಂಗ್ ಜಿಗಿಯುತ್ತದೆ, ಮುಂದಿನ ಹದಿನೈದು ದಿನ ಆರ್ಡರೇ ಇರುವುದಿಲ್ಲ, ಅಂಗಡಿಗೆ ಹೋಗುವ ಮಾಲು ಮಾತ್ರ ಇದ್ದಷ್ಟೇ ಇರುತ್ತದೆ. ‘ಇದು ನಿಮ್ಮ ತಪ್ಪಲ್ಲ, ಸ್ಕೀಮ್ ಹಾಗಿತ್ತು’ ಅಂದೆ.

ಹೊಸ ಸ್ಕೀಮ್‌ನಲ್ಲಿ ಅಂಗಡಿಗೆ ಹೋದ ಬಿಲ್ಲಷ್ಟೇ ಲೆಕ್ಕ. ಹೋಲಿಕೆ ಅವರದೇ ಹಿಂದಿನ ವರ್ಷದ ಜೊತೆ. ಆಗ ಮೂರು ತಿಂಗಳಿಗೆ 3000 ಬಾಕ್ಸ್ ಮಾರಿದವರು ಈಗ 3300 ಮುಟ್ಟಿದರೆ ಶೇ. 10 ಬೆಳವಣಿಗೆ. ಪೂರ್ತಿ ಮಾರಾಟದ ಮೇಲೆ ಶೇ. 2 ಸಿಗುತ್ತದೆ. 15,000 ಮಾರುವ ದೊಡ್ಡವರೂ 16,500 ಮುಟ್ಟಲೇಬೇಕು. ಹಳೆಯ ಸ್ಲ್ಯಾಬ್ ಅವರಿಗೆ ಸುಮ್ನೆ ಸಿಗುತ್ತಿತ್ತು, ಚಿಕ್ಕವರಿಗೆ ಎಟುಕುತ್ತಲೇ ಇರಲಿಲ್ಲ. ಏರಿಯಾ ಒಡೆದು ಬೇರೆಯವರಿಗೆ ಕೊಟ್ಟಿದ್ದರೆ, ಹಳೆಯ ಲೆಕ್ಕದಿಂದ ಆ ಭಾಗ ತೆಗೆಯುತ್ತೇವೆ. ತ್ರೈಮಾಸಿಕ ಮುಗಿದ 30 ದಿನದೊಳಗೆ ಕ್ರೆಡಿಟ್ ನೋಟ್ ಕೈಗೆ ಬರುತ್ತದೆ. ಚಪ್ಪಾಳೆ ಜಾಸ್ತಿ ಬಿದ್ದಿದ್ದು ಈ ಕೊನೆಯ ಮಾತಿಗೇ.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದರು. ‘ಅಂಗಡಿಯಿಂದ ವಾಪಸ್ ಬಂದ ಮಾಲು ಕಳೆಯುತ್ತೀರಾ, ಸರ್?’

‘ಕಳೆಯುತ್ತೇವೆ, ಯಜಮಾನ್ರೇ. ಇಲ್ಲದಿದ್ದರೆ ನಿಮ್ಮ ಗೋಡೌನ್ ಬದಲು ಅಂಗಡಿ ತುಂಬುತ್ತದೆ, ಅಷ್ಟೇ. ಆದರೆ ನಮ್ಮ ಫ್ಯಾಕ್ಟರಿ ತಪ್ಪಿನಿಂದ ವಾಪಸ್ ಬಂದಿದ್ದನ್ನು ಕಳೆಯುವುದಿಲ್ಲ.’

ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ‘ಇದನ್ನು ಸರ್ಕ್ಯುಲರ್‌ನಲ್ಲೂ ಹಾಕಿ’ ಅಂದರು. ಈಗ ಲ್ಯಾಪ್‌ಟಾಪ್‌ನಲ್ಲಿ ನಾನು ಟೈಪ್ ಮಾಡುತ್ತಿರುವುದು ಆ ಸಾಲನ್ನೇ.