ಎಂಬತ್ತೆಂಟಲ್ಲ, ನಲವತ್ತನಾಲ್ಕು

(ಮಲ್ಪೆ ಭಾಗದ ಪ್ರಾಥಮಿಕ ಶಾಲಾ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ನಿವೃತ್ತ ಮುಖ್ಯ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸ)

ಆತ್ಮೀಯ ಶಿಕ್ಷಕ ಬಂಧುಗಳೇ,

ಕನ್ನಡ ಬಾರದೆ ನಮ್ಮ ತರಗತಿಗೆ ಬರುವ ವಲಸೆ ಕಾರ್ಮಿಕರ ಮಕ್ಕಳ ಬಗ್ಗೆ ಇಂದು ಮಾತನಾಡುತ್ತೇನೆ. ಈ ಸಭೆಯನ್ನು ಸೆಪ್ಟೆಂಬರಿನಲ್ಲಿ ಕರೆದದ್ದು ಒಳ್ಳೆಯದಾಯಿತು. ನಮ್ಮ ಶಾಲೆಯ ವರ್ಷ ಮಳೆಯ ಜೊತೆಗೆ ಶುರುವಾಗುತ್ತದೆ, ಮಲ್ಪೆ ಬಂದರಿನ ವರ್ಷ ಆಗಸ್ಟ್ 1ಕ್ಕೆ ಶುರುವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ ಎಂಬುದು ನಿಮಗೆ ಗೊತ್ತೇ ಇದೆ. ಬೋಟು ಕಡಲಿಗಿಳಿದ ಮೇಲೆ ಒಡಿಶಾದ ಕಾರ್ಮಿಕ ಬರುತ್ತಾನೆ. ಬಂದು, ಕೆಲಸ ಹಿಡಿದು, ಬಾಡಿಗೆಗೆ ಒಂದು ಕೋಣೆ ಮಾಡಿ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹೊತ್ತಿಗೆ ಚೌತಿ ಕಳೆದಿರುತ್ತದೆ. ನಾವು ‘ನಡುವರ್ಷದಲ್ಲಿ ಬಂದ ಮಗು’ ಎನ್ನುತ್ತೇವೆ. ಆ ಮನೆಯ ಲೆಕ್ಕದಲ್ಲಿ ಮಗು ಬರಬೇಕಾದ ಹೊತ್ತಿಗೇ ಬಂದಿದೆ.

ದಾಖಲಾತಿಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ವರ್ಗಾವಣೆ ಪತ್ರ ಬಂದಿಲ್ಲ, ಜನನ ಪ್ರಮಾಣಪತ್ರ ಇಲ್ಲ, ದಾಖಲಾತಿಯ ಅವಧಿ ಮುಗಿದಿದೆ ಎಂಬ ಮೂರೂ ಕಾರಣಗಳನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ತಳ್ಳಿಹಾಕಿದೆ. ಅದರ 4ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಭಾಷೆ ಬರುವುದಿಲ್ಲ ಎಂದು ಒಂಬತ್ತು ವರ್ಷದ ಮಗುವನ್ನು ಎರಡನೇ ತರಗತಿಯಲ್ಲಿ ಕೂರಿಸುವ ಹಾಗಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಾನೇ ಒಂದು ಮಗುವನ್ನು ಹಾಗೆ ಕೂರಿಸಿದ್ದೆ.

ಆ ಹುಡುಗ ಬಂದದ್ದು ಒಂದು ಸೋಮವಾರ. ತಾಯಿ ಮೀನಿನ ಶೆಡ್ಡಿನಿಂದ ನೇರವಾಗಿ ಬಂದಿದ್ದಳು. ಐಸಿನಲ್ಲಿ ಕೈಯಾಡಿಸಿ ಬೆರಳುಗಳ ತುದಿ ಬಿಳಿಚಿ ಸುಕ್ಕುಗಟ್ಟಿದ್ದವು. ನಾನು ಹಿಂದಿಯಲ್ಲಿ ಮಾತನಾಡಿಸಿದೆ. ಹುಡುಗ ಎಲ್ಲದಕ್ಕೂ ತಲೆಯಾಡಿಸಿದ. ಅರ್ಥವಾಗಿದೆ ಎಂದುಕೊಂಡೆ. ಇಲ್ಲೇ ನಾವು ಮೊದಲು ಎಡವುವುದು. ಒಡಿಶಾದ ಹಳ್ಳಿಯ ಮಗುವಿಗೆ ಹಿಂದಿಯೂ ಪರಭಾಷೆಯೇ. ‘ಇಲ್ಲ’ ಎಂಬ ಉತ್ತರವೇ ಸರಿಯಾಗುವ ಒಂದು ಪ್ರಶ್ನೆಯನ್ನು ಕೇಳಿ ನೋಡಿ. ಕೈಯಲ್ಲಿ ಸೀಮೆಸುಣ್ಣ ಹಿಡಿದು, ಇದು ಬಾಳೆಹಣ್ಣೇ ಎಂದು ಕೇಳಿ. ಅದಕ್ಕೂ ತಲೆಯಾಡಿಸಿದರೆ ಮಗುವಿಗೆ ನಿಮ್ಮ ಮಾತು ತಿಳಿದಿಲ್ಲ, ಅದು ನಿಮಗೆ ಮರ್ಯಾದೆ ಕೊಡುತ್ತಿದೆ ಅಷ್ಟೆ.

ಆಮೇಲೆ ಗಣಿತ ನೋಡೋಣವೆಂದು ಕರಿಹಲಗೆಯ ಮೇಲೆ ಕೂಡುವ ಐದು ಲೆಕ್ಕ ಬರೆದುಕೊಟ್ಟೆ. ಅವನು ಪುಸ್ತಕದಲ್ಲಿ ಬರೆದ ಉತ್ತರಗಳಲ್ಲಿ ನಾಲ್ಕು ನನಗೆ ಸುತ್ತಿಬಳಸಿದ ಗೀಚಿನಂತೆ ಕಂಡವು. ಒಂದನ್ನು ಮಾತ್ರ ಓದಲು ಸಾಧ್ಯವಾಯಿತು. 16ಕ್ಕೆ 28 ಕೂಡಿಸಿ ಅವನು ಬರೆದದ್ದು 88. ಐದಕ್ಕೂ ಕೆಂಪು ಗೀರೆಳೆದು, ಮಗು ಬಹಳ ಹಿಂದಿದೆ ಎಂದು ಎರಡನೇ ತರಗತಿಯ ಕೋಣೆಗೆ ಕಳಿಸಿದೆ. ಅಲ್ಲಿ ಸಣ್ಣ ಮಕ್ಕಳ ನಡುವೆ ಮೊಣಕಾಲು ಮಡಚಿ ಒಂಬತ್ತು ದಿನ ಕೂತ. ಒಂದು ಮಾತೂ ಆಡಲಿಲ್ಲ.

ಹತ್ತನೆಯ ದಿನ ಜೋರು ಮಳೆ, ಆಟದ ಬಯಲೆಲ್ಲ ನೀರು. ಜಗಲಿಯಲ್ಲಿ ದೊಡ್ಡ ಮಕ್ಕಳು ಚೆನ್ನೆಮಣೆ ಇಟ್ಟುಕೊಂಡಿದ್ದರು. ಆಟಿ ತಿಂಗಳ ಆಟ, ಆಟಿ ಮುಗಿದರೂ ಬಿಟ್ಟಿರಲಿಲ್ಲ. ಒಬ್ಬಳಿಗೆ ಜೊತೆಗಾರ ಇರಲಿಲ್ಲ, ಇವನನ್ನು ಕೈಹಿಡಿದು ಕೂರಿಸಿದಳು. ನಿಮಗೆ ಗೊತ್ತಿರುವಂತೆ ಆಚೆ ಏಳು ಗುಳಿ, ಈಚೆ ಏಳು ಗುಳಿ, ಗುಳಿಗೆ ನಾಲ್ಕರಂತೆ ಒಟ್ಟು 56 ಮಂಜೊಟ್ಟಿ ಬೀಜ. ಅವಳು ಕಾಯಿ ತುಂಬಿಸುತ್ತಾ ಬಂದಳು. ಇವನು ನೆಲದಲ್ಲಿ ಬಿದ್ದಿದ್ದ ಸೀಮೆಸುಣ್ಣದ ಚೂರು ತೆಗೆದುಕೊಂಡು, ತನ್ನ ಕಡೆಯ ಒಂದೊಂದು ಗುಳಿಯ ಮುಂದೆಯೂ ನೆಲದ ಮೇಲೆ ಅಂಕಿ ಬರೆದ. ಎಂಟು, ಎಂಟು, ಎಂಟು, ಏಳು ಸಲ ಎಂಟು.

ನಾನು ಪಕ್ಕದಲ್ಲೇ ನಿಂತಿದ್ದೆ. ಗುಳಿಯಲ್ಲಿ ನಾಲ್ಕೇ ಕಾಯಿ. ಬಗ್ಗಿ ನೋಡಿದೆ. ಅದು ಎಂಟಲ್ಲ, ಅದರ ತಲೆ ತೆರೆದಿತ್ತು, ಮೇಲಿನ ಸುತ್ತು ಕೂಡಿರಲಿಲ್ಲ. ಅದು ಒಡಿಯಾದ ನಾಲ್ಕು. ಒಡಿಯಾ ಮಾಧ್ಯಮದ ಮಕ್ಕಳು ಗಣಿತವನ್ನು ಒಡಿಯಾ ಅಂಕಿಗಳಲ್ಲೇ ಕಲಿತಿರುತ್ತಾರೆ. ಇಂಗ್ಲಿಷ್ ಅಂಕಿ ಓದಲು ಬಂದರೂ ಕೈ ಓಡುವುದು ಕಲಿತ ಅಂಕಿಯಲ್ಲೇ. ಕಪಾಟಿನಿಂದ ಅವನ ಪುಸ್ತಕ ತಂದೆ. 16ಕ್ಕೆ 28 ಕೂಡಿಸಿದರೆ ನಲವತ್ತನಾಲ್ಕು. ಅವನು ಬರೆದದ್ದೂ ನಲವತ್ತನಾಲ್ಕೇ. ಅವನ ಪಕ್ಕದಲ್ಲಿ ಕೂತು ಒಂದು ಕಾಯಿ ಇಟ್ಟೆ, ಬರೆದ. ಎರಡು ಇಟ್ಟೆ, ಬರೆದ. ಹೀಗೆ ಹತ್ತರವರೆಗೆ ಹೋಗಿ, ಆ ಪಟ್ಟಿ ಹಿಡಿದು ಉಳಿದ ನಾಲ್ಕು ಲೆಕ್ಕಗಳನ್ನೂ ಓದಿದೆ. ಐದೂ ಸರಿ. ದಶಕ ಒಯ್ಯುವ ಲೆಕ್ಕಗಳು ಅವು. ಅವನ ಮುಂದೆಯೇ ಐದು ಕೆಂಪು ಗೀರುಗಳನ್ನು ಹೊಡೆದುಹಾಕಿ ಸರಿ ಗುರುತು ಹಾಕಿದೆ. ಅಂದೇ ಅವನನ್ನು ನಾಲ್ಕನೇ ತರಗತಿಗೆ ಕರೆದುಕೊಂಡು ಹೋದೆ. ಆ ಒಂಬತ್ತು ದಿನಗಳ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ.

ಆದ್ದರಿಂದ ಮೊದಲ ವಾರದಲ್ಲಿ ನಾನು ಮಾಡಿಸುವ ಮೊದಲ ಚಟುವಟಿಕೆ ಚೆನ್ನೆಮಣೆ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹದಿನಾಲ್ಕು ವೃತ್ತ ಸಾಕು. ಮಂಜೊಟ್ಟಿ ಇಲ್ಲದಿದ್ದರೆ ಹುಣಸೆ ಬೀಜವಾದೀತು. ಗುಲಗಂಜಿ ಮಾತ್ರ ಬೇಡ, ಅದು ವಿಷ, ಸಣ್ಣ ಮಕ್ಕಳು ಬಾಯಿಗೆ ಹಾಕುತ್ತಾರೆ. ಆಟ ನೋಡಿ ಕಲಿಯುವಂಥದ್ದು, ಮಾತು ಬೇಕಾಗುವುದಿಲ್ಲ. ಕಾಯಿ ಬಿತ್ತುವಾಗ ಎಣಿಸದೆ ಇರಲಾಗುವುದಿಲ್ಲ, ಮಗು ತನ್ನ ಭಾಷೆಯಲ್ಲಿ ಮೆಲ್ಲಗೆ ಎಣಿಸಿಯೇ ಎಣಿಸುತ್ತದೆ. ಅದನ್ನು ಕಿವಿಗೊಟ್ಟು ಕೇಳಿ. ಆಟ ಮುಗಿದ ಮೇಲೆ ಒಂದರಿಂದ ಹತ್ತರವರೆಗೆ ಕಾಯಿ ಜೋಡಿಸಿ ಅಂಕಿ ಬರೆಸಿ. ಹತ್ತು ನಿಮಿಷದ ಕೆಲಸ. ಆ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಬಂಗಾಳಿ ಮಗುವಾದರೆ ಇನ್ನೂ ಎಚ್ಚರ ಬೇಕು: ಅವರ ನಾಲ್ಕು ತೇಟ್ ನಮ್ಮ 8, ಅವರ ಏಳು ಹೆಚ್ಚುಕಡಿಮೆ 9.

ಈಗ ನಾನು ಎಲ್ಲಿ ಹೋದರೂ ಹೇಳುವ ಮಾತಿಗೆ ಬರುತ್ತೇನೆ. ಈ ಸಭೆಯಲ್ಲಿ ಎಷ್ಟು ಮಂದಿಯ ಮನೆಮಾತು ಕನ್ನಡ? ಕೈ ಎತ್ತಿ ನೋಡೋಣ. ಎಣಿಸಿ, ಹತ್ತು ದಾಟುವುದಿಲ್ಲ. ನಮ್ಮಲ್ಲಿ ಒಬ್ಬರು ತುಳುವಿನಿಂದ ಬಂದವರು, ಒಬ್ಬರು ಕೊಂಕಣಿಯಿಂದ, ಒಬ್ಬರು ಬ್ಯಾರಿಯಿಂದ. ಒಂದನೇ ತರಗತಿಯಲ್ಲಿ ನಾವೂ ಟೀಚರ ಬಾಯಿ ನೋಡುತ್ತಾ ಕೂತವರೇ. ನಮಗೆ ಇದ್ದ ಅನುಕೂಲ ಒಂದೇ, ಪಕ್ಕದಲ್ಲಿ ಕೂತವರಿಗೆ ನಮ್ಮ ಮಾತು ತಿಳಿಯುತ್ತಿತ್ತು. ಹಾಗಾಗಿ ಹೊಸ ಮಗುವಿನ ಭಾಷೆಯನ್ನು ಒಂದೇ ಎತ್ತಿ ತೋರಿಸಬೇಡಿ, ತರಗತಿಯಲ್ಲಿರುವ ಎಲ್ಲ ಭಾಷೆಗಳ ಸಾಲಿನಲ್ಲಿ ಅದನ್ನೂ ಇಡಿ.

ಅದಕ್ಕೆ ನಾನು ಮಾಡಿಸುವುದು ದೇಹದ ಚಿತ್ರ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿ, ಅದರ ಮೇಲೆ ಒಬ್ಬ ಹುಡುಗನನ್ನು ಮಲಗಿಸಿ ಸುತ್ತಲೂ ಗೆರೆ ಎಳೆಯುವುದು. ಮಲಗಿದವನು ಕಚಗುಳಿಗೆ ನಗುತ್ತಾನೆ, ಗೆರೆ ಸೊಟ್ಟವಾಗುತ್ತದೆ, ಪರವಾಗಿಲ್ಲ. ಆಮೇಲೆ ಕೈ ತೋರಿಸಿ ಒಬ್ಬೊಬ್ಬರೂ ಮನೆಯಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂದು ಹೇಳಬೇಕು. ಕಿವಿಗೆ ತುಳುವಿನ ಹುಡುಗ ‘ಕೆಬಿ’ ಎಂದ. ಕೊಂಕಣಿಯ ಹುಡುಗಿ ‘ಕಾನ್’ ಎಂದಳು. ಆಗ ನಮ್ಮ ಹುಡುಗ ತಲೆ ಎತ್ತಿದ. ತಾನಾಗಿಯೇ ‘ಕಾನ’ ಎಂದ. ಅದು ನಮ್ಮ ಶಾಲೆಯಲ್ಲಿ ಅವನ ಮೊದಲ ಮಾತು. ಆ ಹುಡುಗಿ ಅಲ್ಲಿಗೆ ಬಿಡಲಿಲ್ಲ, ಕೈ ಮುಟ್ಟಿ ‘ಹಾತ್’ ಎಂದಳು, ಅವನು ‘ಹಾತ’. ಹಲ್ಲು ತೋರಿಸಿ ‘ದಾಂತ್’, ಅವನು ‘ದಾಂತ’. ಸಂಸ್ಕೃತ, ಪ್ರಾಕೃತಗಳ ಕಡೆಯಿಂದ ಕೊಂಕಣಿಯೂ ಒಡಿಯಾವೂ ನೆಂಟರು. ಆ ಇಬ್ಬರು ಮಕ್ಕಳು ಅದನ್ನು ಐದು ನಿಮಿಷದಲ್ಲಿ ಕಂಡುಹಿಡಿದರು. ಅವಳು ಓಡಿಬಂದು, “ಟೀಚರ್, ಇವನು ನಮ್ಮವನೇ, ಸ್ವಲ್ಪ ಎಳೆದು ಮಾತನಾಡುತ್ತಾನೆ ಅಷ್ಟೆ” ಎಂದಳು. ಅಂದಿನಿಂದ ಅವನಿಗೆ ಜೊತೆ ಹುಡುಕುವ ಕೆಲಸ ನನಗೆ ಉಳಿಯಲಿಲ್ಲ. ಆ ಚಿತ್ರ ಗೋಡೆಯ ಮೇಲೇ ಇರಲಿ. ಹೊಟ್ಟೆನೋವು ಬಂದ ಮಗು ಅದರ ಹೊಟ್ಟೆಯ ಮೇಲೆ ಬೆರಳಿಟ್ಟರೆ ಸಾಕು.

ಕನ್ನಡ ಅಕ್ಷರದ ಬಗ್ಗೆ ಒಂದು ಮಾತು. ಊರಿನಲ್ಲಿ ಒಂದೆರಡು ವರ್ಷ ಶಾಲೆಗೆ ಹೋದ ಒಡಿಯಾ ಮಗುವಿಗೆ ವರ್ಣಮಾಲೆಯ ಕ್ರಮ ಗೊತ್ತಿದೆ. ಅ ಆ ಇ ಈ, ಕ ಖ ಗ ಘ, ಬಹುಪಾಲು ನಮ್ಮ ಸಾಲೇ. ‘ಳ’ ಕೂಡ ಅವರಲ್ಲಿದೆ, ‘ಮಳೆ’ ಎನ್ನಲು ನಾಲಗೆ ತೊಡರುವುದಿಲ್ಲ. ಅವನಿಗೆ ಹೊಸದು ಹೆಚ್ಚಾಗಿ ಅಕ್ಷರದ ರೂಪ. ಆದರೆ ಅವರ ‘ಅ’ಕಾರ ‘ಒ’ಕಾರದ ಕಡೆಗೆ ವಾಲುತ್ತದೆ. ಕಮಲ ಎಂದು ಬರೆದದ್ದನ್ನು ‘ಕೊಮೊಲೊ’ ಎಂದು ಓದಿದರೆ ಓದು ತಪ್ಪಿಲ್ಲ. ಹೌದು ಎಂದು ತಲೆಯಾಡಿಸಿ, ನೀವು ಒಮ್ಮೆ ಕಮಲ ಎಂದು ಹೇಳಿ ಮುಂದೆ ಹೋಗಿ. ಒಂದೊಂದು ಅಕ್ಷರಕ್ಕೂ ನಿಲ್ಲಿಸಿ ತಿದ್ದಿದರೆ ಬಾಯಿ ಮತ್ತೆ ಮುಚ್ಚುತ್ತದೆ. ಮೊದಲ ವಾರ, ಕೆಲವೊಮ್ಮೆ ತಿಂಗಳು, ಮಗು ಕೇಳುತ್ತಿರುತ್ತದೆ, ಮಾತನಾಡುವುದಿಲ್ಲ. ‘ಬಾಗಿಲು ಹಾಕು’, ‘ಪುಸ್ತಕ ತೆಗೆ’ ಎಂದಾಗ ಬೇರೆ ಮಕ್ಕಳನ್ನು ನೋಡದೆ ತಾನೇ ಎದ್ದರೆ ಕನ್ನಡ ಒಳಗೆ ಇಳಿಯುತ್ತಿದೆ ಎಂದು ತಿಳಿಯಿರಿ.

ಸಮಯ ಆಯಿತೆಂದು ಚೀಟಿ ಬಂದಿದೆ. ವರ್ಣಮಾಲೆ ಹಾಡಿಸುವುದು, ರಥದ ಚಿತ್ರ ಬಿಡಿಸುವುದು, ಎರಡನ್ನೂ ಬಿಡುತ್ತೇನೆ. ಪುರಿಯಲ್ಲಿ ಮೂರು ರಥ, ನಮ್ಮ ಉಡುಪಿಯ ಮಕರ ಸಂಕ್ರಾಂತಿಗೂ ಮೂರು ತೇರು, ನೀವೇ ಮುಂದುವರಿಸಬಲ್ಲಿರಿ.

ನೀರಿನ ಬಾಟಲಿಯ ಮಾತನ್ನು ಮಾತ್ರ ಬಿಡಲಾರೆ. ಸಂಜೆ ಹೊಸ ಮಗುವಿನ ಬಾಟಲಿ ಎತ್ತಿ ನೋಡಿ. ಬೆಳಿಗ್ಗೆ ತುಂಬಿದ ಹಾಗೆಯೇ ಭಾರವಾಗಿದ್ದರೆ, ಆ ಮಗುವಿಗೆ ಶೌಚಾಲಯಕ್ಕೆ ಹೋಗಲು ಕೇಳುವುದು ಹೇಗೆಂದು ಗೊತ್ತಿಲ್ಲ, ಅದಕ್ಕಾಗಿ ನೀರನ್ನೇ ಬಿಟ್ಟಿದೆ. ಮೊದಲ ದಿನ ಪಾಠಕ್ಕಿಂತ ಮುಂಚೆ ಕೈಹಿಡಿದು ನಲ್ಲಿ, ಶೌಚಾಲಯ, ಬಿಸಿಯೂಟದ ಜಾಗ ತೋರಿಸಿ. ಕಿರುಬೆರಳು ಎತ್ತಿದರೆ ಸಾಕು, ಯಾರನ್ನೂ ಕೇಳದೆ ಹೋಗಬಹುದು ಎಂದು ನೀವೇ ಎತ್ತಿ ತೋರಿಸಿ. ಹೆಣ್ಣುಮಕ್ಕಳಿಗೆ ದೊಡ್ಡ ತರಗತಿಯ ಹುಡುಗಿಯನ್ನು ಜೊತೆ ಮಾಡಿ.

ಬಾಗಿಲ ಹತ್ತಿರದ ಮೇಜಿನ ಮೇಲೆ ಬಟ್ಟೆಚೀಲ ಇದೆ. ಮಂಜೊಟ್ಟಿಯನ್ನು 56ರಂತೆ ಎಣಿಸಿ ಪೊಟ್ಟಣ ಕಟ್ಟಿದ್ದೇನೆ, ಒಂದೊಂದರಲ್ಲೂ ಒಡಿಯಾ ಅಂಕಿಗಳ ಚೀಟಿ ಇದೆ. ಬರೆದುಕೊಟ್ಟವನು ಆ ಹುಡುಗನೇ. ಹೋಗುವಾಗ ಶಾಲೆಗೆ ಒಂದರಂತೆ ತೆಗೆದುಕೊಂಡು ಹೋಗಿ.