16, 11, 26: ಮದುವೆ ಕಾರ್ಡಿನ ಮೂರು ಕೊಟೇಶನ್, ಯಾವುದು ನಿಜಕ್ಕೂ ಅಗ್ಗ?

(ಪರದೆ ಮೇಲೆ ಮೂರು ಚೀಟಿ: 16 ರೂ., 11 ರೂ., 26 ರೂ.)

ನಮಸ್ಕಾರ. ಹುಡುಗಿ ಮನೆ ಬಳ್ಳಾರಿ, ಹುಡುಗನ ಮನೆ ರಾಯಚೂರು. ಹುಡುಗಿ ಕಡೆಯವರಿಗೆ 500 ಕಾರ್ಡ್ ಬೇಕು. ತಾಯಿ ಕಡೆ ನೆಂಟರೆಲ್ಲ ಆದೋನಿ, ಗುಂತಕಲ್ಲಿನವರು. ಹಾಗಾಗಿ 300 ಕನ್ನಡದಲ್ಲಿ, 200 ತೆಲುಗಿನಲ್ಲಿ. ನಮ್ಮ ಕಡೆ ಇದು ತೀರಾ ಮಾಮೂಲು, ಅಲ್ವಾ?

ಮೂರು ಪ್ರೆಸ್ಸಿನಲ್ಲಿ ಕೇಳಿದರು. ಮೊದಲನೆಯವರು ಕಾರ್ಡಿಗೆ 16 ರೂಪಾಯಿ ಎಂದರು. ಎರಡನೆಯವರು 11, "ಪ್ಲೇಟ್ ಬೇರೆ ಅಣ್ಣಾ" ಎಂದರು. ಮೂರನೆಯವರು 26, ಎಲ್ಲಾ ಸೇರಿ. ಈ ರೇಟುಗಳು ಲೆಕ್ಕ ತೋರಿಸಲು ನಾನು ಹಿಡಿದಿರುವವು. ನಿಮ್ಮ ಊರಿನಲ್ಲಿ, ನೀವು ಕೇಳುವ ತಿಂಗಳಿನಲ್ಲಿ ಬೇರೆ ಇರುತ್ತವೆ. ಆದರೆ ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ.

ಈ ಮೂವರೂ ಹೇಳಿದ್ದು ಒಂದೇ ವಸ್ತುವಿನ ಬೆಲೆ ಅಲ್ಲ. ಅದಕ್ಕೇ ಚೌಕಾಸಿಗೆ ಇಳಿಯುವ ಮೊದಲು ಒಂದು ಕೆಲಸ ಮಾಡಬೇಕು. ಪ್ರತಿಯೊಬ್ಬರ ಚೀಟಿಯನ್ನೂ ಎರಡು ಭಾಗ ಮಾಡಿ. ಒಂದು, ನೂರು ಕಾರ್ಡ್ ಹಾಕಿಸಿದರೂ ಸಾವಿರ ಹಾಕಿಸಿದರೂ ಒಂದೇ ಸಲ ಬೀಳುವ ದುಡ್ಡು. ಇನ್ನೊಂದು, ಕಾರ್ಡ್ ಹೆಚ್ಚಿದಂತೆ ಹೆಚ್ಚುವ ದುಡ್ಡು.

(ಮೊದಲ ಚೀಟಿ ದೊಡ್ಡದಾಗಿ)

ಮೊದಲನೆಯದು ರೆಡಿ ಕಾರ್ಡ್. ಗಣಪತಿ, ಬಾಳೆಗಿಡ, ಬಂಗಾರದ ಅಂಚು ಎಲ್ಲ ಮೊದಲೇ ಅಚ್ಚಾಗಿ ಬಂದಿರುತ್ತದೆ. ಇಂಥ ಮಾಲು ಶಿವಕಾಶಿಯಿಂದ ತುಂಬಾ ಬರುತ್ತದೆ. ನಮ್ಮೂರಿನ ಪ್ರೆಸ್ಸಿನವರು ಅದರ ಮೇಲೆ ಹೆಸರು, ಮುಹೂರ್ತ, ಸ್ಥಳ ಮಾತ್ರ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಹಾಕುತ್ತಾರೆ. ಅವರು ಹೇಳಿದ 16 ರೂಪಾಯಿ ಖಾಲಿ ಕಾರ್ಡ್ ಮತ್ತು ಕವರಿನದು.

ಬಿಡಿಸಿ ಕೇಳಿದರೆ ಉಳಿದದ್ದು ಹೊರಬರುತ್ತದೆ. ಡಿಟಿಪಿ, ಅಂದರೆ ಅಕ್ಷರ ಜೋಡಿಸಿ ಕೊಡುವುದು, ಕನ್ನಡಕ್ಕೆ 300, ತೆಲುಗಿಗೆ 300. ಸ್ಕ್ರೀನ್, ಅಂದರೆ ಅಕ್ಷರದ ಜಾಗದಲ್ಲಿ ಮಾತ್ರ ಶಾಯಿ ಇಳಿಯುವ ಜಾಲರಿ, ಒಂದಕ್ಕೆ 300. ಒಳಗಿನ ಕನ್ನಡಕ್ಕೆ ಒಂದು, ತೆಲುಗಿಗೆ ಒಂದು, ಕವರಿಗೆ ಒಂದು, ಒಟ್ಟು 900. ಇಲ್ಲಿಗೆ ಒಂದೇ ಸಲ ಬೀಳುವ ದುಡ್ಡು 1,500. ಆಮೇಲೆ ಪ್ರತಿ ಅಚ್ಚಿಗೆ 1 ರೂಪಾಯಿ. ಕಾರ್ಡಿಗೊಂದು, ಕವರಿಗೊಂದು. ಅಂದರೆ ಕಾರ್ಡಿನ ನಿಜವಾದ ರೇಟು 18. ಐನೂರಕ್ಕೆ 9,000, ಮೇಲೆ 1,500, ಒಟ್ಟು 10,500. ಕಾರ್ಡಿಗೆ 21 ಬಿತ್ತು.

(ಎರಡನೇ ಚೀಟಿ)

ಎರಡನೆಯದು ಆಫ್‌ಸೆಟ್. ಬಿಳಿ ಆರ್ಟ್ ಕಾರ್ಡ್ ತಂದು, ಚಿತ್ರ, ಅಂಚು, ಅಕ್ಷರ ಎಲ್ಲವನ್ನೂ ಇವರೇ ನಾಲ್ಕು ಬಣ್ಣದಲ್ಲಿ ಅಚ್ಚು ಹಾಕುತ್ತಾರೆ. ಫೋಟೋ ಬೇಕಾದರೂ ಬರುತ್ತದೆ. ನಾಲ್ಕು ಬಣ್ಣ ಅಂದರೆ ನೀಲಿ, ಕೆನ್ನೀಲಿಗೆಂಪು, ಹಳದಿ, ಕಪ್ಪು. ಒಂದೊಂದಕ್ಕೂ ಒಂದು ಪ್ಲೇಟ್, ಅಂದರೆ ಅಚ್ಚು ಹಾಕುವ ತಗಡು. ಪ್ಲೇಟ್‌ಗೆ 400ರಂತೆ 1,600.

ಕಾರ್ಡಿಗೆ ಒಳಬದಿ, ಹೊರಬದಿ ಇದೆಯಲ್ಲ, ಹಾಗಾದರೆ ಎಂಟು ಪ್ಲೇಟ್ ಬೇಡವಾ? ಬೇಕಾಗಿಲ್ಲ. ಒಂದು ದೊಡ್ಡ ಶೀಟಿನಲ್ಲಿ ನಾಲ್ಕು ಕಾರ್ಡ್ ಕೂರುತ್ತವೆ ಅಂದುಕೊಳ್ಳಿ. ಪ್ಲೇಟಿನ ಅರ್ಧಕ್ಕೆ ಒಳಬದಿ, ಇನ್ನರ್ಧಕ್ಕೆ ಹೊರಬದಿ ಹಾಕಿ, ಒಮ್ಮೆ ಅಚ್ಚು ಹಾಕಿ, ಶೀಟು ತಿರುವಿ ಅದೇ ಪ್ಲೇಟಿನಲ್ಲಿ ಇನ್ನೊಮ್ಮೆ ಹಾಕುತ್ತಾರೆ. ಆಮೇಲೆ ಕತ್ತರಿಸಿದರೆ ಎಲ್ಲಾ ಕಾರ್ಡಿಗೂ ಎರಡೂ ಬದಿ ಬಂದಿರುತ್ತದೆ. ಆದ್ದರಿಂದ ಚೀಟಿಯಲ್ಲಿ ಎಂಟು ಪ್ಲೇಟ್ ಬರೆದಿದ್ದರೆ, "ತಿರುವಿ ಹಾಕೋಕೆ ಬರಲ್ವಾ ಅಣ್ಣಾ?" ಎಂದು ಒಮ್ಮೆ ಕೇಳಿ. ಕಾರ್ಡ್ ದೊಡ್ಡದು, ಮಷಿನ್ ಚಿಕ್ಕದು ಆದಾಗ ಎಂಟು ಬೇಕಾಗಬಹುದು. ಸುಮ್ನೆ ಬರೆದಿದ್ದಾರಾ, ಕಾರಣ ಇದೆಯಾ ಎನ್ನುವುದು ಉತ್ತರದಲ್ಲೇ ಗೊತ್ತಾಗುತ್ತದೆ.

ಈಗ ತೆಲುಗು. ಇಲ್ಲಿ ಒಂದು ಚಂದದ ಉಳಿತಾಯ ಇದೆ. ಅಕ್ಷರವೆಲ್ಲ ಬರೀ ಕಪ್ಪಿನಲ್ಲಿದ್ದರೆ, ತೆಲುಗಿಗೆ ಕಪ್ಪು ಪ್ಲೇಟ್ ಒಂದನ್ನೇ ಬದಲಾಯಿಸಿದರೆ ಸಾಕು. 400 ರೂಪಾಯಿಗೆ ಇನ್ನೊಂದು ಭಾಷೆ. ಅಕ್ಷರ ಕುಂಕುಮದ ಬಣ್ಣದಲ್ಲಿ ಬೇಕು ಎಂದರೆ ಕಥೆಯೇ ಬೇರೆ. ಆ ಬಣ್ಣ ಎರಡು ಮೂರು ಪ್ಲೇಟ್ ಸೇರಿ ಬರುತ್ತದೆ. ಅಷ್ಟೂ ಪ್ಲೇಟ್ ಬದಲಾಗಬೇಕು. ಜೊತೆಗೆ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ನಮ್ಮ ಒತ್ತಕ್ಷರಗಳು ಎರಡೆರಡಾಗಿ ಕಾಣುತ್ತವೆ. "ಶ್ರೀಮತಿ"ಯ ಕೆಳಗಿನ ಒತ್ತು ಮಸುಕಾದರೆ ಅದು ಕಾಗದದ ತಪ್ಪಲ್ಲ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ ಎಂದರ್ಥ. ಸಣ್ಣ ಅಕ್ಷರಕ್ಕೆ ಕಪ್ಪೇ ಇರಲಿ. ದೊಡ್ಡ ಹೆಸರುಗಳಿಗೆ ಬಣ್ಣ ಇಟ್ಟುಕೊಳ್ಳಿ. ಆದರೆ ಹಾಗೆ ಮಾಡಿದರೆ ತೆಲುಗಿನ ಹೆಸರಿಗೂ ಬಣ್ಣದ ಪ್ಲೇಟ್ ಬೇಕಾಗುತ್ತದೆ ಎಂಬುದು ನೆನಪಿರಲಿ.

ಡಿಸೈನ್‌ಗೆ 1,500. ಮಷಿನ್ ಖರ್ಚು 2,500. ಇದನ್ನು ಕೇಳಿ ಜನ ಬೆಚ್ಚುತ್ತಾರೆ. ನಾಲ್ಕು ಕಾರ್ಡಿಗೆ ಒಂದು ಶೀಟಾದರೆ 500 ಕಾರ್ಡಿಗೆ 125 ಶೀಟು ಸಾಕು. ಆದರೆ ಪ್ಲೇಟ್ ಕಟ್ಟಬೇಕು, ಶಾಯಿ ಹದಕ್ಕೆ ಬರುವವರೆಗೆ ಒಂದಷ್ಟು ಶೀಟು ಹಾಳಾಗಬೇಕು, ಆಮೇಲೆ ತೊಳೆಯಬೇಕು. ನಿಜವಾಗಿ ಅಚ್ಚು ಹಾಕುವುದು ಕೆಲವೇ ನಿಮಿಷ. ಹಾಗಾಗಿ ಸಾಮಾನ್ಯವಾಗಿ ಸಾವಿರ ಅಚ್ಚಿನವರೆಗೆ ಒಂದೇ ದರ ಹಾಕುತ್ತಾರೆ. ಇದರಲ್ಲಿ ಮೋಸ ಇಲ್ಲ.

ಪ್ಲೇಟ್ 1,600, ತೆಲುಗಿನ ಪ್ಲೇಟ್ 400, ಡಿಸೈನ್ 1,500, ಮಷಿನ್ 2,500. ಒಂದೇ ಸಲದ್ದು ಒಟ್ಟು 6,000. ಕಾಗದ, ಕಟಿಂಗ್, ಮಡಿಕೆ, ಸಾದಾ ಕವರ್ ಸೇರಿ ಕಾರ್ಡಿಗೆ 11. ಐನೂರಕ್ಕೆ 5,500. ಒಟ್ಟು 11,500. ಹನ್ನೊಂದು ಎಂದದ್ದು 23 ಆಯಿತು.

(ಮೂರನೇ ಚೀಟಿ)

ಮೂರನೆಯದು ಡಿಜಿಟಲ್. ಪ್ಲೇಟ್ ಇಲ್ಲ, ಸ್ಕ್ರೀನ್ ಇಲ್ಲ. ಡಿಸೈನ್ 500, ಕಾರ್ಡಿಗೆ 26. "ಎಲ್ಲಾ ಸೇರಿ" ಎಂದದ್ದರಲ್ಲಿ ಡಿಸೈನ್ ಸೇರಿರಲಿಲ್ಲ, ನೋಡಿ. ಐನೂರಕ್ಕೆ 13,500, ಕಾರ್ಡಿಗೆ 27. ನೂರು ಕಾರ್ಡಿಗೆ, ಅಥವಾ ನಾಳೆಯೇ ಬೇಕು ಎಂದಾಗ ಇದು ಸರಿ. ಆದರೆ ಕೆಂಪು ಕಾಗದದ ಮೇಲೆ ಬಂಗಾರದ ಅಕ್ಷರ ಮಾಮೂಲಿ ಡಿಜಿಟಲ್ ಮಷಿನ್‌ನಲ್ಲಿ ಬರುವುದಿಲ್ಲ. ಈ ಮೂರರಲ್ಲಿ ಅದಕ್ಕೆ ಸರಿಯಾದದ್ದು ಸ್ಕ್ರೀನ್.

(ಪರದೆ ಮೇಲೆ: 10,500, 11,500, 13,500)

ಹಾಗಾದರೆ ರೆಡಿ ಕಾರ್ಡೇ ಅಗ್ಗ, ಮುಗಿಯಿತಾ? ಇಲ್ಲ. ಮನೆಗೆ ಬಂದ ಮೇಲೆ ಅತ್ತೆ ಹೇಳುತ್ತಾರೆ, "ಹೆಸರು ಕೆಂಪಿನಾಗ ಇರ್ಲಿ, ಉಳಿದದ್ದು ಬಂಗಾರದ ಬಣ್ಣದಾಗ." ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಣ್ಣ ಒಂದು ಹೆಚ್ಚಾದರೆ ಸ್ಕ್ರೀನೂ ಹೆಚ್ಚು, ಅಚ್ಚೂ ಹೆಚ್ಚು. ಕನ್ನಡಕ್ಕೊಂದು, ತೆಲುಗಿಗೊಂದು ಸ್ಕ್ರೀನ್, 600. ಐನೂರು ಅಚ್ಚು, 500. ಒಟ್ಟು 11,600 ಆಯಿತು. ಆಫ್‌ಸೆಟ್‌ಗಿಂತ 100 ರೂಪಾಯಿ ಜಾಸ್ತಿ! ಆ ಆಫ್‌ಸೆಟ್‌ನಲ್ಲಿ ಚಿತ್ರಕ್ಕೆ ನಾಲ್ಕು ಬಣ್ಣ ಮೊದಲೇ ಇದೆ. ಎಷ್ಟು ಬಣ್ಣ ಎಂದು ಮನೆಯಲ್ಲಿ ತೀರ್ಮಾನವಾಗದೆ ಕೊಟೇಶನ್ ಕೇಳಬೇಡಿ.

ಇನ್ನು ಸಂಖ್ಯೆ. ಒಂದೇ ಬಣ್ಣದ ರೆಡಿ ಕಾರ್ಡಿಗೂ ಆಫ್‌ಸೆಟ್‌ಗೂ ಒಂದೇ ಸಲದ ಖರ್ಚಿನಲ್ಲಿ 4,500 ವ್ಯತ್ಯಾಸ. ಕಾರ್ಡಿನ ರೇಟಿನಲ್ಲಿ 7 ರೂಪಾಯಿ ವ್ಯತ್ಯಾಸ. 4,500ನ್ನು 7ರಿಂದ ಭಾಗಿಸಿ. ಸುಮಾರು 643. ಅದಕ್ಕಿಂತ ಕಡಿಮೆ ಕಾರ್ಡಾದರೆ ರೆಡಿ ಕಾರ್ಡ್, ಹೆಚ್ಚಾದರೆ ಆಫ್‌ಸೆಟ್. ಏಳುನೂರಕ್ಕೆ ಲೆಕ್ಕ ಹಾಕಿದರೆ ಮೊದಲನೆಯದು 14,100, ಎರಡನೆಯದು 13,700. ನಿಮ್ಮ ಚೀಟಿಯ ಅಂಕಿ ಹಾಕಿ ಇದೇ ಭಾಗಾಕಾರ ಮಾಡಿ. ಮೊಬೈಲ್‌ನಲ್ಲಿ ಒಂದು ನಿಮಿಷದ ಕೆಲಸ.

(ಅಡುಗೆಮನೆ ತಕ್ಕಡಿ, ಮೇಲೆ ಹತ್ತು ಕಾರ್ಡ್)

ಕಾಗದದ ವಿಷಯಕ್ಕೆ ಬರೋಣ. ಪ್ರೆಸ್ಸಿನವರು "300 ಜಿಎಸ್ಎಂ" ಎನ್ನುತ್ತಾರೆ. ಅಂದರೆ ಒಂದು ಚದರ ಮೀಟರ್ ಕಾಗದ 300 ಗ್ರಾಂ ತೂಗಬೇಕು. ಇದನ್ನು ಮನೆಯಲ್ಲೇ ನೋಡಬಹುದು. ಬಿಡಿಸಿದಾಗ 7 ಇಂಚು ಅಗಲ, 10 ಇಂಚು ಉದ್ದದ ಕಾರ್ಡ್ ಹತ್ತು ತೆಗೆದುಕೊಳ್ಳಿ. 300 ಜಿಎಸ್ಎಂ ಆದರೆ ಸುಮಾರು 135 ಗ್ರಾಂ. 250 ಆದರೆ 113ರ ಹತ್ತಿರ. ಕವರ್ ಬಿಟ್ಟು ತೂಗಿ, ಲ್ಯಾಮಿನೇಶನ್ ಇಲ್ಲದ ಕಾರ್ಡನ್ನೇ ತೂಗಿ. ಎರಡು ಮೂರು ಗ್ರಾಂ ಆಚೀಚೆ ಆದರೆ ಜಗಳ ಬೇಡ. ಇಪ್ಪತ್ತು ಗ್ರಾಂ ಕಡಿಮೆ ಬಂದರೆ ಕೇಳಲೇಬೇಕು.

ತೂಕ ಒಂದೇ ಇದ್ದರೂ ಕಾಗದ ಬೇರೆ ಇರಬಹುದು. ಆರ್ಟ್ ಕಾರ್ಡ್ ನುಣುಪು, ಮೆಟಾಲಿಕ್ ಬೋರ್ಡ್‌ಗೆ ಮುತ್ತಿನ ಹೊಳಪು, ಅದರ ಬೆಲೆಯೂ ಜಾಸ್ತಿ. ಅದಕ್ಕೇ ಚೀಟಿಯಲ್ಲಿ ಕಾಗದದ ಹೆಸರೂ ಇರಬೇಕು, ಜಿಎಸ್ಎಂ ಕೂಡ ಇರಬೇಕು. ದಪ್ಪ ಕಾರ್ಡನ್ನು ಮೊದಲು ಗೆರೆ ಒತ್ತದೆ ಮಡಿಸಿದರೆ ಮಡಿಕೆಯಲ್ಲಿ ಬಣ್ಣ ಒಡೆದು ಬಿಳಿ ಕಾಣುತ್ತದೆ. ಇದಕ್ಕೆ ಕ್ರೀಸಿಂಗ್ ಎನ್ನುತ್ತಾರೆ. ಸೇರಿದೆಯಾ ಕೇಳಿ. ಹಾಗೆಯೇ ಕವರಿಗೆ ಲ್ಯಾಮಿನೇಶನ್ ಬೇಡ. ನುಣುಪಿನ ಮೇಲೆ ಬಾಲ್ ಪೆನ್ನಿನಲ್ಲಿ ಹೆಸರು ಬರೆದರೆ ಅಳಿಸಿ ಹೋಗುತ್ತದೆ. ಮೂಲೆಗೆ ಹಚ್ಚಿದ ಅರಿಶಿನವೂ ನಿಲ್ಲುವುದಿಲ್ಲ.

ಇನ್ನು ಜಗಳ ಆಗುವ ಜಾಗ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಹತ್ತಿಪ್ಪತ್ತು ಕಾರ್ಡ್ ಹಾಳಾಗುವುದು ಸಹಜ. ಹಾಳಾದ ಕಾರ್ಡ್ ಯಾರ ಲೆಕ್ಕ? ರೆಡಿ ಕಾರ್ಡನ್ನು ನೀವೇ ಬೇರೆ ಅಂಗಡಿಯಿಂದ ತಂದು ಕೊಟ್ಟಿದ್ದರೆ ಸಾಮಾನ್ಯವಾಗಿ ನಿಮ್ಮದೇ. "ಒಳ್ಳೆ ಕಾರ್ಡ್ 500 ಕೈಗೆ ಬರಬೇಕು" ಎಂದು ಚೀಟಿಯಲ್ಲೇ ಬರೆಸಿ. ಜಿಎಸ್‌ಟಿ ಸೇರಿದೆಯಾ, ಬೇರೆಯಾ ಎನ್ನುವುದನ್ನೂ ಅದರಲ್ಲೇ ಬರೆಸಿ.

ಪ್ರೂಫ್ ವಾಟ್ಸಾಪ್‌ನಲ್ಲಿ ಬರುತ್ತದೆ. ಸ್ಕ್ರೀನ್ ಅಥವಾ ಪ್ಲೇಟ್ ಮಾಡುವ ಮೊದಲು ಎಷ್ಟು ತಿದ್ದಿದರೂ ಸಾಮಾನ್ಯವಾಗಿ ಪುಕ್ಕಟೆ. ಆದ ಮೇಲೆ ಮುಹೂರ್ತದ ಒಂದು ಅಂಕಿ ಬದಲಾದರೂ ಹೊಸ ಸ್ಕ್ರೀನ್, ಇಲ್ಲವೇ ಹೊಸ ಪ್ಲೇಟ್. ತೆಲುಗು ಪ್ರೂಫನ್ನು ತೆಲುಗು ಚೆನ್ನಾಗಿ ಓದುವವರಿಗೇ ತೋರಿಸಿ. ಮಾತಾಡುವುದು ಬರುತ್ತದೆ, ಓದಲು ಬರುವುದಿಲ್ಲ ಎನ್ನುವವರು ನಮ್ಮಲ್ಲಿ ತುಂಬಾ ಜನ.

ಕೊನೆಗೆ, ಕಾರ್ಡ್ ಕಡಿಮೆ ಬಿದ್ದರೆ ಏನಾಗುತ್ತದೆ ನೋಡಿ. ಆಫ್‌ಸೆಟ್‌ನಲ್ಲಿ ಮೊದಲೇ 100 ಜಾಸ್ತಿ ಹಾಕಿಸಿದ್ದರೆ 1,100 ಆಗುತ್ತಿತ್ತು. ಹದಿನೈದು ದಿನ ಬಿಟ್ಟು ಹೋದರೆ, ಪ್ಲೇಟ್ ಇಟ್ಟುಕೊಂಡಿದ್ದರೂ ಮಷಿನ್ ಖರ್ಚು ಮತ್ತೆ 2,500. ನೂರು ಕಾರ್ಡಿಗೆ 3,600, ಒಂದಕ್ಕೆ 36. ರೆಡಿ ಕಾರ್ಡಿನಲ್ಲಿ ಇನ್ನೊಂದು ಪಜೀತಿ. ಅಷ್ಟರಲ್ಲಿ ಆ ಡಿಸೈನ್ ಅಂಗಡಿಯಲ್ಲಿ ಖಾಲಿ ಆಗಿರಬಹುದು. ಮನೆಗಳ ಪಟ್ಟಿ ಬರೆದು ಎಣಿಸಿ, ಅದರ ಮೇಲೆ ಐವತ್ತು ಸೇರಿಸಿ, ಆ ಸಂಖ್ಯೆಗೇ ಮೂರೂ ಕಡೆ ಕೊಟೇಶನ್ ಕೇಳಿ.