ಇಪ್ಪತ್ತು ಸೆಕೆಂಡಿನಲ್ಲಿ ಒಂದು ಕಥೆ

ನಮಸ್ಕಾರ ಕೇಳುಗರೇ.

ಧಾರವಾಡದ ಕಡೆ ನಾಲ್ಕೈದು ಹೆಂಗಸರು ಸೇರಿ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ ಅಂತ ಇಟ್ಟುಕೊಳ್ಳೋಣ. ಅವರಿಗೆ ಎಫ್‌ಎಂನಲ್ಲಿ ಒಂದು ಜಾಹೀರಾತು ಬೇಕು. ದರ ಸಾಮಾನ್ಯವಾಗಿ ಹತ್ತು ಸೆಕೆಂಡಿನ ಲೆಕ್ಕದಲ್ಲಿ ಇರುತ್ತದೆ. ಇವರ ಕೈಯಲ್ಲಿರುವ ದುಡ್ಡಿಗೆ ಇಪ್ಪತ್ತು ಸೆಕೆಂಡು ಸಿಗುತ್ತದೆ, ಅಷ್ಟೇ.

ಮೊದಲು ಬರೆದು ತರುವುದು ಹೆಚ್ಚಾಗಿ ಹೀಗಿರುತ್ತದೆ: ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಶುಚಿ, ರುಚಿ, ವಿಳಾಸ, ಕೊನೆಗೆ ಫೋನ್ ನಂಬರು. ಇದು ಪಟ್ಟಿ, ಕಥೆಯಲ್ಲ. ಕಥೆಯಾಗಬೇಕಾದರೆ ಮೂರು ಬೇಕು. ಒಂದು ಸನ್ನಿವೇಶ, ಅದರಲ್ಲಿ ಒಂದು ಗಂಟು, ಆ ಗಂಟು ಬಿಚ್ಚುವ ಕ್ಷಣ. ಬಿಚ್ಚುವ ಕೆಲಸವನ್ನು ರೊಟ್ಟಿಯೇ ಮಾಡಬೇಕು.

ಖಡಕ್ ರೊಟ್ಟಿಗೆ ರೇಡಿಯೊದಲ್ಲಿ ಒಂದು ದೊಡ್ಡ ಅನುಕೂಲ ಇದೆ. ಮುರಿದರೆ ಸದ್ದು ಬರುತ್ತದೆ. ಹಾಗಾಗಿ ಕಥೆಯನ್ನು ಆ ಸದ್ದಿನಿಂದ ಹಿಂದಕ್ಕೆ ಕಟ್ಟುತ್ತಾ ಹೋಗೋಣ.

ಊರಲ್ಲಿರುವ ಅವ್ವ ಬೆಂಗಳೂರಿನ ಮಗನಿಗೆ ಫೋನ್ ಮಾಡುತ್ತಾಳೆ. "ಉಂಡ್ಯೇನಪಾ?" "ಹೂಂ ಯವ್ವಾ, ಉಂಡೆ." "ಏನ್ ಉಂಡಿ?" ಮಗ ಸುಮ್ಮನಾಗುತ್ತಾನೆ. ಆಮೇಲೆ, "ಅದೂ... ಅನ್ನ..." ಅವ್ವ: "ಸುಳ್ಳ ಹೇಳಬ್ಯಾಡ." ಪ್ಯಾಕೆಟ್ ಬಿಚ್ಚುವ ಸರಸರ ಸದ್ದು. ಕಟಕ್! ಅವ್ವ: "ಹಾಂ, ಈಗ ಉಣ್ಣಾಕತ್ತಿ ನೋಡು." ಕೊನೆಗೆ ರೊಟ್ಟಿಯ ಹೆಸರು.

ಇದರಲ್ಲಿ ಮಾತಿನ ಅಕ್ಷರಗಳು ಮೂವತ್ತರ ಆಸುಪಾಸು. ನಿಧಾನವಾಗಿ ಆಡಿದರೂ ಎಂಟು ಸೆಕೆಂಡು ಸಾಕು. ಮಗ ಸುಮ್ಮನಾಗುವುದಕ್ಕೆ ಎರಡು ಸೆಕೆಂಡು, ಪ್ಯಾಕೆಟ್ಟಿಗೂ ಕಟಕ್‌ಗೂ ಎರಡೂವರೆ, ಹೆಸರಿಗೆ ಮೂರು. ಫೋನ್ ರಿಂಗು ಸೇರಿಸಿದರೂ ಉಸಿರಾಡಲು ಜಾಗ ಉಳಿಯುತ್ತದೆ.

ಸನ್ನಿವೇಶ, ಗಂಟು, ಬಿಚ್ಚುವ ಕ್ಷಣ, ಈ ಮೂರರಲ್ಲಿ ಮೊದಲು ಕತ್ತರಿ ಬೀಳುವುದು ನಡುವಿನ ಗಂಟಿಗೆ, ಅಂದರೆ ಮಗನ ಮೌನಕ್ಕೆ. ಯಾರಾದರೂ ಕೇಳಿಯೇ ಕೇಳುತ್ತಾರೆ: "ಈ ಎರಡು ಸೆಕೆಂಡು ಸುಮ್ನೆ ಖಾಲಿ ಹೋಗ್ತಿದೆ ಅಲ್ವಾ? ಅಲ್ಲಿ ಫೋನ್ ನಂಬರು ಹಾಕಬಹುದಲ್ಲ?" ಹಾಕಬೇಡಿ ಅಂತ ನಾನು ಪಟ್ಟು ಹಿಡಿಯುತ್ತೇನೆ. ಹುಡುಗ ಉಂಡಿಲ್ಲ ಅಂತ ಕೇಳುಗರಿಗೆ ಗೊತ್ತಾಗುವುದು ಆ ಮೌನದಲ್ಲೇ. ಅದನ್ನು ತೆಗೆದರೆ ಅವ್ವನ ಗದರಿಕೆಗೆ ಕಾರಣವೇ ಇರುವುದಿಲ್ಲ. ಕಟಕ್ ಅನ್ನುವುದು ಬರೀ ಒಂದು ಸದ್ದಾಗಿ ಉಳಿಯುತ್ತದೆ. ಇನ್ನು ಆ ನಂಬರನ್ನು ಬಾಯಿಬಿಟ್ಟು ಓದಿ ನೋಡಿ. ಒಂಬತ್ತು, ಎಂಟು, ನಾಲ್ಕು ಅನ್ನುತ್ತಾ ಹತ್ತು ಅಂಕಿ ಮುಗಿಯುವಷ್ಟರಲ್ಲಿ ಐದು ಸೆಕೆಂಡು ಹೋಗಿರುತ್ತದೆ. ಬೈಕಿನಲ್ಲಿ ಹೋಗುತ್ತಾ ಕೇಳುವವರು ಅದನ್ನು ಬರೆದುಕೊಳ್ಳುವುದೂ ಇಲ್ಲ. ಅದರ ಬದಲು "ಕಿರಾಣಿ ಅಂಗಡಿಯಲ್ಲಿ ಕೇಳಿ" ಅಂದರೆ ಸಾಕು. ರೊಟ್ಟಿ ಆ ಅಂಗಡಿಗಳಲ್ಲಿ ನಿಜವಾಗಿಯೂ ಇರಬೇಕು, ಅಷ್ಟೇ. ಬೆಲೆ, ಚಟ್ನಿ, ಸಜ್ಜೆ ರೊಟ್ಟಿ ಇವಕ್ಕೆಲ್ಲ ಇದರಲ್ಲಿ ಜಾಗವಿಲ್ಲ.

ರೆಕಾರ್ಡಿಂಗಿಗೆ ಸ್ಟುಡಿಯೊ ಬೇಕೇ ಬೇಕು ಅಂತೇನಿಲ್ಲ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಹಾಸಿಗೆ ಬಟ್ಟೆ ಜಾಸ್ತಿ ಇರುವ ಕೋಣೆಯಲ್ಲಿ ಕೂತರೆ ಮಾತು ಗುಂಯ್ ಅನ್ನುವುದಿಲ್ಲ. ಮಗನ ದನಿಯನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಮೊಬೈಲು ಇಟ್ಟು ಹಿಡಿಯಿರಿ. ಅವ್ವನ ದನಿ ಫೋನಿನಿಂದ ಬಂದ ಹಾಗೆ ಕೇಳಬೇಕಲ್ಲ, ಅದಕ್ಕೂ ಖರ್ಚಿಲ್ಲ. ಆಕೆಯ ಮಾತನ್ನು ಮೊದಲು ರೆಕಾರ್ಡ್ ಮಾಡಿ, ಇನ್ನೊಂದು ಮೊಬೈಲಿನ ಸ್ಪೀಕರಿನಲ್ಲಿ ಹಾಕಿ, ಅದನ್ನು ಮತ್ತೆ ರೆಕಾರ್ಡ್ ಮಾಡಿಕೊಳ್ಳಿ. ಅವ್ವನ ಪಾತ್ರಕ್ಕೆ ನಟಿಯನ್ನು ಹುಡುಕುವುದೂ ಬೇಡ. ರೊಟ್ಟಿ ಬಡಿಯುವವರಲ್ಲೇ ಹಿರಿಯರೊಬ್ಬರು ಆ ಮಾತಾಡಲಿ. "ಉಣ್ಣಾಕತ್ತಿ" ಅನ್ನುವುದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು.

ಕಟಕ್ ಸದ್ದಿಗೆ ಮಾತ್ರ ತಾಳ್ಮೆ ಬೇಕು. ಮೈಕಿನ ತೀರ ಹತ್ತಿರ ಮುರಿದರೆ ಸದ್ದು ಒಡೆದು ಪಟ್ ಅನ್ನುತ್ತದೆ, ಕಡ್ಡಿ ಮುರಿದ ಹಾಗೆ. ಒಂದು ಮೊಳ ದೂರದಲ್ಲಿ ಮುರಿಯಿರಿ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗಿ ಸದ್ದೇ ಬರುವುದಿಲ್ಲ. ಆಗ ತವೆಯ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಲು ಬಿಟ್ಟು ಮುರಿಯಬೇಕು. ಹತ್ತು ರೊಟ್ಟಿ ಮುರಿದರೆ ಒಂದು ಸರಿಯಾದ ಕಟಕ್ ಸಿಗುತ್ತದೆ. ಹಿನ್ನೆಲೆಗೆ ಸಂಗೀತ ಬೇಡ, ಅದು ಮೌನವನ್ನು ನುಂಗುತ್ತದೆ. ಸಿನಿಮಾ ಹಾಡಾದರೆ ಅದರ ಹಕ್ಕುಸ್ವಾಮ್ಯಕ್ಕೂ ದುಡ್ಡು ಕೊಡಬೇಕು.

ಎಲ್ಲ ಮುಗಿದ ಮೇಲೆ ಅಡುಗೆ ಮನೆಯಲ್ಲಿ ಕೆಲಸ ಮಾಡುತ್ತಿರುವ ಯಾರಿಗಾದರೂ ಒಂದೇ ಒಂದು ಸಲ ಕೇಳಿಸಿ. ಮುಂಚೆ ಏನೂ ಹೇಳಬೇಡಿ. ಕೇಳಿಸಿ ಹತ್ತು ನಿಮಿಷ ಬಿಟ್ಟು "ಅದರಲ್ಲಿ ಏನಾಯ್ತು?" ಅಂತ ಕೇಳಿ. "ಯಾವುದೋ ರೊಟ್ಟಿ ಜಾಹೀರಾತು" ಅಂದರೆ ಗಂಟು ಬಿದ್ದಿಲ್ಲ, ಮೌನವನ್ನು ಇನ್ನೂ ಅರ್ಧ ಸೆಕೆಂಡು ಹಿಗ್ಗಿಸಿ. "ಹುಡುಗ ಉಂಡಿರಲಿಲ್ಲ, ಅವ್ವಗೆ ಗೊತ್ತಾಯ್ತು" ಅಂದು, ಹೆಸರು ಮಾತ್ರ ನೆನಪಾಗದಿದ್ದರೆ, ಕೊನೆಯಲ್ಲಿ ಹೆಸರನ್ನು ಅವಸರದಲ್ಲಿ ಹೇಳಿದ್ದೀರಿ. ಅವ್ವನ ಮಾತು ಮುಗಿದ ಮೇಲೆ ಒಂದು ಉಸಿರು ಬಿಟ್ಟು, ಹೆಸರನ್ನು ಮತ್ತೊಮ್ಮೆ ರೆಕಾರ್ಡ್ ಮಾಡಿ.